ಮೂರು ತಿಂಗಳ ನಂತರ ಕಟ್ಟಬೇಕಾದ ಡಾಲರ್: ಇಂದೇ ದರ ಹಿಡಿದಿಡುವ ಫಾರ್ವರ್ಡ್ ಕಾಂಟ್ರಾಕ್ಟ್

ಪೀಣ್ಯದಲ್ಲಿ ಯಂತ್ರ ಜೋಡಿಸುವ ಸಣ್ಣ ಕಾರ್ಖಾನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ತೈವಾನ್‌ನಿಂದ ಬಾಲ್ ಸ್ಕ್ರೂ ಮತ್ತು ಲೀನಿಯರ್ ಗೈಡ್ ತರಿಸುತ್ತದೆ. ಇನ್ವಾಯ್ಸ್ 80,000 ಅಮೆರಿಕನ್ ಡಾಲರಿನದು. ಷರತ್ತು: ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹಡಗು ಏರಿದ್ದಕ್ಕೆ ಸಾಗಣೆದಾರರು ಕೊಡುವ ರಸೀದಿ, ಅದರ ದಿನಾಂಕದಿಂದ 90 ದಿನಕ್ಕೆ ಹಣ. ಆಗಸ್ಟ್ 4ರಂದು, ಸರಕು ಕಳಿಸುವ ಮುಂಚಿನ ಕರಡು ಬಿಲ್ಲಾದ ಪ್ರೊಫಾರ್ಮಾ ಇನ್ವಾಯ್ಸ್‌ಗೆ ಒಪ್ಪಿಗೆ ಕೊಟ್ಟಾಗಿದೆ, ಸರಕು ಆಗಸ್ಟ್ 10ಕ್ಕೆ ಹಡಗು ಏರಬೇಕು. ಆಗಸ್ಟ್ 4ರಂದು ಪೇಟೆಯಲ್ಲಿ ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಳ್ಳಿ. ಇಲ್ಲಿ ಬರುವ ದರಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ನೀವು ಬುಕ್ ಮಾಡುವ ದಿನದ ದರ ಬೇರೆಯೇ ಇರುತ್ತದೆ.

ಕಾರ್ಖಾನೆಯವರು ತಮ್ಮ ಗಿರಾಕಿಗೆ ಯಂತ್ರದ ಬೆಲೆಯನ್ನು ಆಗಸ್ಟಿನಲ್ಲೇ ರೂಪಾಯಿಯಲ್ಲಿ ಹೇಳಿಬಿಟ್ಟಿದ್ದಾರೆ. ಡಾಲರ್ ಕೊಳ್ಳುವುದು ಮಾತ್ರ ನವೆಂಬರಿನಲ್ಲಿ. ನಡುವಿನ ಮೂರು ತಿಂಗಳಲ್ಲಿ ಏನು ಆಗಬಹುದು ಎಂಬುದಕ್ಕೆ 2013 ಒಳ್ಳೆಯ ಸಾಕ್ಷಿ. ಆ ವರ್ಷ ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ದಾಟಿತು. ನಾಲ್ಕು ತಿಂಗಳೂ ತುಂಬಿರಲಿಲ್ಲ. ಅಂಥ ಏರಿಕೆ ಪ್ರತಿ ವರ್ಷ ಆಗುವುದಿಲ್ಲ. ಆದರೆ ಹತ್ತು ಶೇಕಡಾ ಲಾಭ ಇಟ್ಟುಕೊಂಡು ದುಡಿಯುವ ಘಟಕಕ್ಕೆ ಎರಡು ರೂಪಾಯಿ ಏರಿದರೂ ನೋವೇ.

ಫಾರ್ವರ್ಡ್ ಕಾಂಟ್ರಾಕ್ಟ್ ಎಂದರೆ ಇಷ್ಟೇ: ಇಂಥ ದಿನ, ಇಷ್ಟು ಡಾಲರನ್ನು, ಈ ದರಕ್ಕೆ ಕೊಡುತ್ತೇನೆ ಎಂದು ಬ್ಯಾಂಕ್, ತೆಗೆದುಕೊಳ್ಳುತ್ತೇನೆ ಎಂದು ನೀವು, ಇಂದೇ ಕಟ್ಟುಬೀಳುವುದು. ಇಬ್ಬರೂ ಕಟ್ಟುಬೀಳುತ್ತೀರಿ ಎನ್ನುವುದನ್ನು ಮರೆಯಬಾರದು. ನವೆಂಬರಿನಲ್ಲಿ ಡಾಲರ್ ಅಗ್ಗವಾಯಿತು ಎಂದು ಬಿಟ್ಟುಬಿಡಲು ಬರುವುದಿಲ್ಲ. ಆ ಸ್ವಾತಂತ್ರ್ಯ ಬೇಕಿದ್ದರೆ ಅದಕ್ಕೆ ಆಪ್ಶನ್ ಎಂಬ ಬೇರೆ ಸಾಧನವಿದೆ. ಅದಕ್ಕೆ ಮುಂಗಡವಾಗಿ ಹಣ ಕೊಡಬೇಕು, ಇಲ್ಲಿ ಅದರ ವಿಷಯಕ್ಕೆ ಹೋಗುವುದಿಲ್ಲ.

ಬ್ಯಾಂಕ್ ಹೇಳುವ ದರ ಎಲ್ಲಿಂದ ಬಂತು

ಮೂರು ತಿಂಗಳ ನಂತರದ ಡಾಲರಿಗೆ ಬ್ಯಾಂಕಿನ ಡೀಲರ್ 88.54 ಎಂದಾಗ ಬಹುತೇಕ ಆಮದುದಾರರಿಗೆ ಮೊದಲು ಹೊಳೆಯುವುದು, ‘ಡಾಲರ್ ಏರುತ್ತದೆ ಎಂದು ಬ್ಯಾಂಕಿಗೆ ಗೊತ್ತಿರಬೇಕು’ ಎಂದು. ಹಾಗಲ್ಲ. ಫಾರ್ವರ್ಡ್ ದರ ಭವಿಷ್ಯವಾಣಿಯಲ್ಲ, ಎರಡು ದೇಶಗಳ ಬಡ್ಡಿಯ ಅಂತರ.

ಬ್ಯಾಂಕಿನ ಜಾಗದಲ್ಲಿ ನಿಂತು ನೋಡಿ. ಮೂರು ತಿಂಗಳ ನಂತರ ನಿಮಗೆ ಡಾಲರ್ ಕೊಡಬೇಕು. ಅಪಾಯ ಬೇಡವೆಂದರೆ ಅದು ಇಂದೇ ರೂಪಾಯಿ ಹೂಡಿ ಡಾಲರ್ ಕೊಂಡು ಇಟ್ಟುಕೊಳ್ಳಬಹುದು. ಆಗ ರೂಪಾಯಿಗೆ ಸಿಗುತ್ತಿದ್ದ ಬಡ್ಡಿ ಕೈತಪ್ಪುತ್ತದೆ, ಡಾಲರಿಗೆ ಬರುವ ಬಡ್ಡಿ ಕೈಸೇರುತ್ತದೆ. ರೂಪಾಯಿಗೆ ವರ್ಷಕ್ಕೆ ಶೇ. 6, ಡಾಲರಿಗೆ ಶೇ. 4 ಎಂದಾದರೆ ಕಳೆದುಕೊಂಡದ್ದೇ ಹೆಚ್ಚು. ಆ ವ್ಯತ್ಯಾಸವನ್ನು ದರಕ್ಕೆ ಸೇರಿಸಲಾಗುತ್ತದೆ:

```
88.00 × (1 + 0.06 × 3/12) ÷ (1 + 0.04 × 3/12) = 88.44
```

ಈ 44 ಪೈಸೆಗೆ ಪ್ರೀಮಿಯಂ ಎನ್ನುತ್ತಾರೆ. ಹೆಸರು ಕೇಳಿ ವಿಮೆಯ ಕಂತು ಎಂದುಕೊಳ್ಳಬೇಡಿ. ಇದನ್ನು ಇಂದು ಯಾರಿಗೂ ಕಟ್ಟಬೇಕಿಲ್ಲ, ದರದೊಳಗೇ ಕೂತಿರುತ್ತದೆ. ನಿಜವಾದ ಪೇಟೆಯಲ್ಲಿ ಡಾಲರಿನ ಬೇಡಿಕೆ-ಪೂರೈಕೆಯಿಂದ ಪ್ರೀಮಿಯಂ ಈ ಸೂತ್ರದ ಉತ್ತರಕ್ಕಿಂತ ತುಸು ಹೆಚ್ಚು-ಕಡಿಮೆ ಆಗುತ್ತದೆ. ಆದರೂ ಸೂತ್ರ ನಿಮ್ಮ ಬಳಿ ಇದ್ದರೆ, ಬ್ಯಾಂಕ್ 90 ಪೈಸೆ ಎಂದರೆ ಎಲ್ಲೋ ತಪ್ಪಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಡೀಲರ್ ಹೇಳಿದ 88.54ರಲ್ಲಿ ಉಳಿದ 10 ಪೈಸೆ ಬ್ಯಾಂಕಿನ ಮಾರ್ಜಿನ್. ಚೌಕಾಸಿ ಮಾಡಬೇಕಾದದ್ದು ಇದೊಂದರ ಬಗ್ಗೆ ಮಾತ್ರ. 80,000 ಡಾಲರಿಗೆ 10 ಪೈಸೆ ಎಂದರೆ 8,000 ರೂಪಾಯಿ. ಅದೇ 50 ಪೈಸೆ ಹಾಕಿದರೆ 40,000 ರೂಪಾಯಿ ಆಗಿ, ಮೂರು ತಿಂಗಳ ಪ್ರೀಮಿಯಂ ಮೊತ್ತವಾದ 35,200ನ್ನೂ ಮೀರುತ್ತದೆ. ದರ ಕೇಳಿದ ಕೂಡಲೇ ‘ದುಬಾರಿ’ ಎಂದು ಪ್ರೀಮಿಯಂ ಮೇಲೆ ಸಿಟ್ಟಾಗಿ, ಮಾರ್ಜಿನ್ ಎಷ್ಟು ಎಂದು ಕೇಳದೆ ಬರುವವರೇ ಹೆಚ್ಚು.

ಆದ್ದರಿಂದ ಒಟ್ಟು ದರ ಕೇಳಬೇಡಿ. ಸ್ಪಾಟ್, ಅಂದರೆ ಇಂದಿನ ಪೇಟೆ ದರ ಎಷ್ಟು, ಪ್ರೀಮಿಯಂ ಎಷ್ಟು, ಮಾರ್ಜಿನ್ ಎಷ್ಟು ಎಂದು ಮೂರನ್ನೂ ಬಿಡಿಸಿ ಕೇಳಿ. ನೀವು ರಿಟೇಲ್ ಬಳಕೆದಾರರ ವರ್ಗಕ್ಕೆ ಸೇರಿದವರಾದರೆ, ವ್ಯವಹಾರಕ್ಕೆ ಮುಂಚೆ ‘ಮಿಡ್-ಮಾರ್ಕೆಟ್ ಮಾರ್ಕ್’ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದು ಕೊಳ್ಳುವ ಮತ್ತು ಮಾರುವ ಪೇಟೆ ದರಗಳ ನಡುಬಿಂದು. ನಿಮ್ಮ ದರ ಅದರಿಂದ ಎಷ್ಟು ದೂರವಿದೆಯೋ ಅಷ್ಟು ನೀವು ತೆರುತ್ತಿದ್ದೀರಿ. ಸ್ಪಾಟ್ ದರ ಸರಿಯಿದೆಯೇ ಎಂದು ನೋಡಲು ಕ್ಲಿಯರಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ 2019ರಲ್ಲಿ ತೆರೆದ ಎಫ್‌ಎಕ್ಸ್-ರಿಟೇಲ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಬಹುದು.

ಬುಕ್ ಮಾಡುವ ಮುಂಚೆ

ಮೊದಲ ಕೆಲಸ ಲಿಮಿಟ್. ನವೆಂಬರಿನಲ್ಲಿ ನೀವು ಕೈಕೊಟ್ಟರೆ ಬ್ಯಾಂಕಿಗೆ ನಷ್ಟವಾಗಬಹುದು. ಹೀಗಾಗಿ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಮಿತಿ ಇರುವಂತೆಯೇ ಫಾರ್ವರ್ಡ್‌ಗೂ ಪ್ರತ್ಯೇಕ ಲಿಮಿಟ್ ಮಂಜೂರಾಗಬೇಕು. ಇದಿಲ್ಲದವರಿಗೆ ಕೆಲವು ಬ್ಯಾಂಕುಗಳು ಮೊತ್ತದ ಒಂದು ಪಾಲನ್ನು ಎಫ್‌ಡಿ ಇಡಿಸಿಕೊಂಡು ಬುಕ್ ಮಾಡಿಕೊಡುತ್ತವೆ. ಶೇ. 5 ಎಂದರೆ ನಮ್ಮ ಉದಾಹರಣೆಯಲ್ಲಿ ಮೂರೂವರೆ ಲಕ್ಷದಷ್ಟು. ಲಿಮಿಟ್ ಮಂಜೂರಾತಿಗೆ, ಒಪ್ಪಂದ ಪತ್ರಗಳ ಸಹಿಗೆ, ಯಾರು ಫೋನಿನಲ್ಲಿ ಡೀಲ್ ಮಾಡಬಹುದು ಎಂಬ ಅಧಿಕಾರ ಪತ್ರಕ್ಕೆ ವಾರಗಳೇ ಹಿಡಿಯುತ್ತವೆ. ಡಾಲರ್ ಓಡತೊಡಗಿದ ದಿನ ಶಾಖೆಗೆ ಓಡಿದರೆ ಫಾರಂ ಸಿಗುತ್ತದೆ, ದರ ಸಿಗುವುದಿಲ್ಲ. ಆರ್ಡರ್ ಇಲ್ಲದ ಕಾಲದಲ್ಲೇ ಇದನ್ನು ಮುಗಿಸಿಟ್ಟುಕೊಳ್ಳಿ.

ಎರಡನೆಯದು ದಾಖಲೆ. ಫಾರ್ವರ್ಡ್ ಜೂಜಿಗಲ್ಲ, ಅದರ ಹಿಂದೆ ನಿಜವಾದ ಪಾವತಿ ಇರಬೇಕು. ನಮ್ಮ ಕಾರ್ಖಾನೆಯವರ ಬಳಿ ಒಪ್ಪಿಗೆಯಾದ ಪರ್ಚೇಸ್ ಆರ್ಡರ್ ಮತ್ತು ಪ್ರೊಫಾರ್ಮಾ ಇನ್ವಾಯ್ಸ್ ಇವೆ. ಒಂದೇ ಇನ್ವಾಯ್ಸ್ ತೋರಿಸಿ ಎರಡು ಬ್ಯಾಂಕಿನಲ್ಲಿ ಬುಕ್ ಮಾಡುವಂತಿಲ್ಲ.

ಮೂರನೆಯದು ದಿನಾಂಕ. ಅವಸರದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಆಗಸ್ಟ್ 10ರಿಂದ 90 ದಿನ ಎಣಿಸಿದರೆ ನವೆಂಬರ್ 8. ನಮ್ಮ ಉದಾಹರಣೆಯಲ್ಲಿ ಅದು ಭಾನುವಾರ ಬಿತ್ತು. ವಿದೇಶಿ ವಿನಿಮಯ ಪೇಟೆ ಶನಿವಾರವೂ ಇಲ್ಲ. ಮೊದಲೇ ಗೊತ್ತಿರುವ ರಜೆಯ ದಿನ ಕಾಂಟ್ರಾಕ್ಟ್ ಮುಗಿಯುವಂತಿದ್ದರೆ ಹಿಂದಿನ ಕೆಲಸದ ದಿನವೇ ಕೊನೆ. ಆದ್ದರಿಂದ ಶುಕ್ರವಾರ, ನವೆಂಬರ್ 6ಕ್ಕೆ ಬುಕ್ ಮಾಡಬೇಕು. ಡಾಲರ್ ಪಾವತಿಯಾದ್ದರಿಂದ ಅಮೆರಿಕದ ಬ್ಯಾಂಕ್ ರಜೆಯನ್ನೂ ಒಮ್ಮೆ ನೋಡಿಕೊಳ್ಳಿ. ಆಗಸ್ಟ್ 4ಕ್ಕೆ ಮಾಡಿದ ಡೀಲಿನ ಸ್ಪಾಟ್ ದಿನ ಎರಡು ಕೆಲಸದ ದಿನ ಕಳೆದು, ಅಂದರೆ ಆಗಸ್ಟ್ 6. ಅಲ್ಲಿಂದ ನವೆಂಬರ್ 6ಕ್ಕೆ ಸರಿಯಾಗಿ ಮೂರು ತಿಂಗಳು. ಪ್ರೀಮಿಯಂ ಲೆಕ್ಕ ಶುರುವಾಗುವುದು ಸ್ಪಾಟ್ ದಿನದಿಂದ, ಫೋನ್ ಮಾಡಿದ ದಿನದಿಂದಲ್ಲ.

ಹಡಗು ಯಾವ ದಿನ ಹೊರಡುತ್ತದೋ ಖಚಿತವಿಲ್ಲದಿದ್ದರೆ, ಒಂದೇ ದಿನದ ಬದಲು ಒಂದು ಅವಧಿ ಕೊಟ್ಟು ಬುಕ್ ಮಾಡಬಹುದು. ಉದಾಹರಣೆಗೆ ಅಕ್ಟೋಬರ್ 7ರಿಂದ ನವೆಂಬರ್ 6ರವರೆಗೆ, ಯಾವ ದಿನ ಬೇಕಾದರೂ ತೆಗೆದುಕೊಳ್ಳುವಂತೆ. ಬ್ಯಾಂಕಿನವರು ಇದನ್ನೂ ‘ಆಪ್ಶನ್ ಪೀರಿಯಡ್’ ಎನ್ನುತ್ತಾರೆ. ಡಾಲರ್ ತೆಗೆದುಕೊಳ್ಳಲೇಬೇಕು, ಆಯ್ಕೆ ದಿನದ್ದು ಮಾತ್ರ. ಈ ಅನುಕೂಲಕ್ಕೂ ಬೆಲೆ ಇದೆ: ಡಾಲರಿಗೆ ಪ್ರೀಮಿಯಂ ಇರುವಾಗ ಬ್ಯಾಂಕ್ ಆಮದುದಾರನಿಗೆ ಅವಧಿಯ ಕೊನೆಯ ದಿನದ ಪ್ರೀಮಿಯಂ ಹಾಕುತ್ತದೆ. ಮೊದಲ ದಿನವೇ ಹಣ ಕಳಿಸಿದರೆ ಬಳಸದ ಒಂದು ತಿಂಗಳ ಸುಮಾರು 15 ಪೈಸೆ, ಅಂದರೆ 12,000 ರೂಪಾಯಿ, ಸುಮ್ಮನೆ ಕೊಟ್ಟಂತೆ. ದಿನ ಗೊತ್ತಿದ್ದರೆ ಅವಧಿ ಬೇಡ.

ಡೀಲ್ ಮಾಡುವ ಎರಡು ನಿಮಿಷ

ಬೆಳಗ್ಗೆ ಪೇಟೆ ತೆರೆದ ಗಡಿಬಿಡಿ ಮುಗಿದ ಮೇಲೆ ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ವಹಿವಾಟು ನೋಡುವ ಟ್ರೆಷರಿಗೆ ಫೋನ್ ಮಾಡಿ. ಶಾಖೆಯ ಮೂಲಕ ಹೋದರೆ ಕಾರ್ಡ್ ದರ ಸಿಗುವ ಸಂಭವ ಹೆಚ್ಚು. ಅದು ದಿನಕ್ಕೊಮ್ಮೆ, ದೊಡ್ಡ ಅಂತರ ಸೇರಿಸಿ ಹಾಕುವ ದರ; ದೊಡ್ಡ ಮೊತ್ತಕ್ಕೆ ಒಪ್ಪಬಾರದು.

“ಸರ್, ಇಂಪೋರ್ಟ್ ಪೇಮೆಂಟ್. 80,000 ಡಾಲರ್ ನಾವು ಕೊಳ್ಳಬೇಕು. ಡೆಲಿವರಿ ನವೆಂಬರ್ 6, ಒಂದೇ ದಿನ. ಸ್ಪಾಟ್, ಪ್ರೀಮಿಯಂ, ಮಾರ್ಜಿನ್ ಬೇರೆಬೇರೆ ಹೇಳಿ.”

“ಸ್ಪಾಟ್ 88.00, ಪ್ರೀಮಿಯಂ 44, ಮಾರ್ಜಿನ್ 10. ಒಟ್ಟು 88.54. ಮಾಡಲಾ ಸರ್?”

“ಡನ್.”

ಇಲ್ಲಿಗೆ ಮುಗಿಯಿತು. ಟ್ರೆಷರಿಯ ಫೋನ್ ಧ್ವನಿಮುದ್ರಣವಾಗುತ್ತದೆ. ಕಾಗದ ಆಮೇಲೆ ಬಂದರೂ ‘ಡನ್’ ಎಂದ ಕ್ಷಣಕ್ಕೇ ನೀವು ಬದ್ಧರು. ಹಾಗಾಗಿ ಕೊಳ್ಳುವವರು ಯಾರು ಎಂದು ಬಾಯಿಬಿಟ್ಟು ಹೇಳಿ. ಬ್ಯಾಂಕಿನ ಭಾಷೆಯಲ್ಲಿ ನಿಮ್ಮ ಖರೀದಿ ‘ಫಾರ್ವರ್ಡ್ ಸೇಲ್’. ನೀವು ಅವರ ಮಾತನ್ನೇ ಹಿಡಿದು ‘ಸೇಲ್’ ಎಂದಷ್ಟೇ ಹೇಳಿದರೆ, ನೀವೇ ಡಾಲರ್ ಮಾರುತ್ತೀರಿ ಎಂದು ತಿಳಿದು ರಫ್ತುದಾರನಂತೆ ತಿರುಗುಮುರುಗಾಗಿ ಬುಕ್ ಆಗಬಹುದು. ಆಗ ಅಪಾಯ ಕಡಿಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ.

ಕನ್ಫರ್ಮೇಶನ್ ಬಂದ ದಿನವೇ ಐದು ಅಂಶ ನೋಡಿ: ಯಾರು ಕೊಳ್ಳುವವರು, ಕರೆನ್ಸಿ, ಮೊತ್ತ, ದರ, ದಿನಾಂಕ. ಸರಿಯಿದ್ದರೆ ಸಹಿ ಹಾಕಿ ಹಿಂದಿರುಗಿಸಿ. ಕಾಂಟ್ರಾಕ್ಟ್ ಸಂಖ್ಯೆಯನ್ನು ಆ ಇನ್ವಾಯ್ಸ್ ಕಡತದ ಮೇಲೇ ಬರೆದಿಡಿ, ನವೆಂಬರಿನಲ್ಲಿ ಬೇಕಾಗುತ್ತದೆ.

ಅಂದಿನಿಂದ ಈ ಸರಕಿನ ವೆಚ್ಚದ ಲೆಕ್ಕದಲ್ಲಿ ಡಾಲರಿಗೆ 88.54 ಹಾಕಿ, 88 ಅಲ್ಲ. ಒಟ್ಟು 70,83,200 ರೂಪಾಯಿ. ನವೆಂಬರಿನಲ್ಲಿ ಡಾಲರ್ 90 ಆಗಿದ್ದರೆ 72 ಲಕ್ಷ ಕಟ್ಟಬೇಕಿತ್ತು, 1,16,800 ಉಳಿಯಿತು ಎನಿಸುತ್ತದೆ. 87 ಆಗಿದ್ದರೆ 69,60,000ಕ್ಕೆ ಮುಗಿಯುತ್ತಿತ್ತು, 1,23,200 ಹೋಯಿತು ಎನಿಸುತ್ತದೆ. ಎರಡನೆಯದು ಆದ ವರ್ಷ ‘ಫಾರ್ವರ್ಡ್ ನಷ್ಟ’ ಎಂದು ಲೆಕ್ಕಿಗರ ಮೇಲೆ ಹರಿಹಾಯುವ ಮಾಲೀಕರಿದ್ದಾರೆ. ಆದರೆ ಹೋಲಿಸಬೇಕಾದದ್ದು ನವೆಂಬರಿನ ದರದೊಂದಿಗಲ್ಲ. ಆಗಸ್ಟಿನಲ್ಲಿ ಗಿರಾಕಿಗೆ ಬೆಲೆ ಹೇಳುವಾಗ ಹಿಡಿದ ದರದೊಂದಿಗೆ. ಅಲ್ಲಿ 89 ಹಿಡಿದಿದ್ದರೆ 88.54ರಲ್ಲಿ ಲಾಭ ಭದ್ರವಾಗಿದೆ, ನವೆಂಬರಿನಲ್ಲಿ ಏನೇ ಆಗಲಿ. ಅಲ್ಲಿ 87 ಹಿಡಿದಿದ್ದರೆ ಮಾತ್ರ ತಪ್ಪು, ಅದು ಬೆಲೆ ಹೇಳಿದವರದು.

ಹಣ ಕಟ್ಟುವ ದಿನ

ಎರಡು-ಮೂರು ಕೆಲಸದ ದಿನ ಮುಂಚೆಯೇ ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್, ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿ ಮತ್ತು ಹಣ ಕಳಿಸಲು ಕೋರುವ ಪತ್ರವನ್ನು ಬ್ಯಾಂಕಿಗೆ ಕೊಡಿ. ಆ ಪತ್ರದಲ್ಲಿ ‘ಇಂಥ ಸಂಖ್ಯೆಯ ಫಾರ್ವರ್ಡ್ ಕಾಂಟ್ರಾಕ್ಟ್ ಬಳಸಿ’ ಎಂಬ ಸಾಲು ಇರಲೇಬೇಕು. ಪಾವತಿ ನೋಡುವ ವಿಭಾಗಕ್ಕೂ ಟ್ರೆಷರಿಗೂ ಸಂಬಂಧ ಅಷ್ಟಕ್ಕಷ್ಟೇ. ಸಂಖ್ಯೆ ಇಲ್ಲದಿದ್ದರೆ ಅಂದಿನ ಕಾರ್ಡ್ ದರಕ್ಕೆ ಡಾಲರ್ ಮಾರಿ ಕಳಿಸಿಬಿಡುತ್ತಾರೆ. ನಿಮ್ಮ ಕಾಂಟ್ರಾಕ್ಟ್ ಬಳಕೆಯಾಗದೆ ಹಾಗೇ ಉಳಿಯುತ್ತದೆ. ಇದು ಆಗಿದೆ ಎಂದು ತಿಳಿಯುವುದು ಡೆಬಿಟ್ ಸೂಚನೆಯಲ್ಲಿ ದರ ನೋಡಿದಾಗ ಮಾತ್ರ, 88.54 ಕಾಣಬೇಕು. ಬೇರೆ ಏನಾದರೂ ಕಂಡರೆ ಅದೇ ದಿನ ಕೂಗೆಬ್ಬಿಸಿ. ಮರುದಿನವಾದರೆ ಸರಿಪಡಿಸುವುದು ಕಷ್ಟ.

ಆ ದಿನ ಖಾತೆಯಲ್ಲಿ 70,83,200 ಇರಬೇಕು. ದರ ಭದ್ರವಾಯಿತೇ ಹೊರತು ಹಣ ಹೊಂದಿಸುವ ಹೊಣೆ ನಿಮ್ಮದೇ.

ಹಡಗು ತಡವಾದರೆ

ಇದೇ ಅತಿ ಸಾಮಾನ್ಯ ತೊಡಕು. ಆಗಸ್ಟ್ 10ರ ಬದಲು 24ಕ್ಕೆ ಸರಕು ಹೊರಟಿತು ಎನ್ನಿ. 90 ದಿನಕ್ಕೆ ನವೆಂಬರ್ 22, ಮತ್ತೆ ಭಾನುವಾರ. ಪಾವತಿ ನವೆಂಬರ್ 20ಕ್ಕೆ. ಕಾಂಟ್ರಾಕ್ಟ್ ಮಾತ್ರ 6ಕ್ಕೇ ಮುಗಿಯುತ್ತದೆ.

ಮುಂದೂಡುವುದು ಎಂದರೆ ಅದೇ ದರದಲ್ಲಿ ದಿನಾಂಕ ತಿದ್ದುವುದಲ್ಲ. ಹಳೆಯದನ್ನು ಅಂದಿನ ದರದಲ್ಲಿ ರದ್ದು ಮಾಡಿ, ಅಂದಿನ ದರದಲ್ಲೇ ಹೊಸದನ್ನು ಬುಕ್ ಮಾಡುತ್ತಾರೆ. ಡಾಲರ್ ಇಳಿದು ಬ್ಯಾಂಕ್ ಕೊಳ್ಳುವ ದರ 86.45, ಮಾರುವ ದರ 86.50 ಆಗಿದೆ ಎನ್ನೋಣ. ನೀವು 88.54ಕ್ಕೆ ಕೊಂಡ ಡಾಲರನ್ನು ಬ್ಯಾಂಕ್ 86.45ಕ್ಕೆ ಹಿಂದೆ ತೆಗೆದುಕೊಳ್ಳುತ್ತದೆ. ಡಾಲರಿಗೆ 2.09, ಒಟ್ಟು 1,67,200 ರೂಪಾಯಿ ಅಂದೇ ನಿಮ್ಮ ಖಾತೆಯಿಂದ ಹೋಗುತ್ತದೆ. ಹೊಸ ದರ 86.50ಕ್ಕೆ ಎರಡು ವಾರದ ಪ್ರೀಮಿಯಂ 7 ಪೈಸೆ ಮತ್ತು ಮಾರ್ಜಿನ್ 10 ಪೈಸೆ ಸೇರಿ 86.67.

ಈಗ ಎರಡನ್ನೂ ಕೂಡಿಸಿ: 86.67 ಮತ್ತು 2.09 ಸೇರಿ 88.76. ಅಂದರೆ ನೀವು ಹಿಡಿದಿಟ್ಟ ದರ ಎಲ್ಲೂ ಹೋಗಿಲ್ಲ, ತಡವಾದದ್ದಕ್ಕೆ 22 ಪೈಸೆ ಮಾತ್ರ ಹೆಚ್ಚಿತು. ಒಟ್ಟು 17,600 ರೂಪಾಯಿ. ಡಾಲರ್ 90ಕ್ಕೆ ಏರಿದ್ದರೂ ಉತ್ತರ ಇದೇ. ಆಗ 89.95ಕ್ಕೆ ರದ್ದಾಗಿ 1.41 ನಿಮಗೆ ಬರುತ್ತದೆ, ಹೊಸ ದರ 90.17 ಆಗುತ್ತದೆ, ಕಳೆದರೆ ಮತ್ತೆ 88.76. ವ್ಯತ್ಯಾಸ ನಗದಿನದು. ಇಳಿದ ಪೇಟೆಯಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಹಣ ಇದ್ದಕ್ಕಿದ್ದಂತೆ ಬೇಕಾಗುತ್ತದೆ. ಅದನ್ನು ನಷ್ಟವೆಂದು ಕಂಡು ಗಾಬರಿಯಾಗಿ, ಹೊಸದನ್ನು ಬುಕ್ ಮಾಡದೆ ಬಿಡುವವರು ನಿಜವಾದ ಅಪಾಯಕ್ಕೆ ಬೀಳುತ್ತಾರೆ. ರದ್ದತಿಯ ಹೊರೆ ಆಗಲೇ ಹೊತ್ತಾಗಿದೆ. ಮುಂದಿನ ಎರಡು ವಾರದಲ್ಲಿ ಡಾಲರ್ ಮತ್ತೆ ಏರಿದರೆ ಎರಡೂ ಕಡೆ ಪೆಟ್ಟು.

ಇನ್ನೊಂದು ದಾರಿಯೂ ಇದೆ. ಸರಕು ಬಂದಿದೆ, ದಾಖಲೆಗಳೆಲ್ಲ ಸರಿಯಿವೆ ಎಂದಾದರೆ ಗಡುವಿಗೆ ಕಾಯದೆ ನವೆಂಬರ್ 6ಕ್ಕೇ ಹಣ ಕಳಿಸಬಹುದು. ಸಾಲದ ಬಡ್ಡಿ ಶೇ. 10 ಎಂದು ಹಿಡಿದರೆ 14 ದಿನಕ್ಕೆ ಸುಮಾರು 27,000 ರೂಪಾಯಿ. ಮುಂದೂಡಿಕೆಯ 17,600ಕ್ಕಿಂತ ಹೆಚ್ಚೇ. ಖಾತೆಯಲ್ಲಿ ಹಣ ಸುಮ್ಮನೆ ಬಿದ್ದಿದ್ದರೆ ಅಥವಾ ಬೇಗ ಕಟ್ಟಿದ್ದಕ್ಕೆ ಪೂರೈಕೆದಾರ ರಿಯಾಯಿತಿ ಕೊಟ್ಟರೆ ಇದೇ ಸುಲಭ.

ಏನೇ ನಿರ್ಧರಿಸಿ, ಮುಗಿಯುವ ದಿನಕ್ಕೆ ಎರಡು ಕೆಲಸದ ದಿನ ಮುಂಚೆಯಾದರೂ ಬ್ಯಾಂಕಿಗೆ ಹೇಳಿ. ಸುಮ್ಮನಿದ್ದರೆ ಕೆಲವು ದಿನ ಕಾದು ಬ್ಯಾಂಕೇ ಕಾಂಟ್ರಾಕ್ಟ್ ರದ್ದು ಮಾಡುತ್ತದೆ. ವಿದೇಶಿ ವಿನಿಮಯ ಡೀಲರುಗಳ ಸಂಘವಾದ ಫೆಡಾಯ್ ನಿಯಮದಂತೆ, ಹೀಗೆ ತಾನಾಗಿ ರದ್ದಾದಾಗ ನಷ್ಟ ಬಂದರೆ ನಿಮ್ಮಿಂದ ವಸೂಲಿ, ಲಾಭ ಬಂದರೆ ನಿಮಗಿಲ್ಲ.

ಈ ದರದ ಹೊರಗೆ ಉಳಿಯುವುದು

ಕಸ್ಟಮ್ಸ್ ಸುಂಕ ಮತ್ತು ಅದರೊಂದಿಗೆ ಕಟ್ಟುವ ಐಜಿಎಸ್‌ಟಿಗೆ ನಿಮ್ಮ 88.54 ಸಂಬಂಧವಿಲ್ಲ. ಚೆನ್ನೈ ಬಂದರಿನಲ್ಲಾಗಲಿ ವೈಟ್‌ಫೀಲ್ಡ್‌ನ ಒಳನಾಡ ಡಿಪೋದಲ್ಲಾಗಲಿ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಜಾರಿಯಲ್ಲಿರುವ ಕಸ್ಟಮ್ಸ್ ವಿನಿಮಯ ದರದಲ್ಲೇ ಸರಕಿನ ಮೌಲ್ಯ ಲೆಕ್ಕವಾಗುತ್ತದೆ. ಡಾಲರಿನಲ್ಲಿ ಬರುವ ಹಡಗು ಬಾಡಿಗೆಯೂ ಬೇರೆಯೇ. ವೆಚ್ಚದ ಹಾಳೆಯಲ್ಲಿ ಪೂರೈಕೆದಾರನ ಮೊತ್ತಕ್ಕೆ ಒಂದು ದರ, ಸುಂಕಕ್ಕೆ ಇನ್ನೊಂದು ದರ ಹಾಕುವ ಎರಡು ಸಾಲು ಇರಲಿ.

ಮೊತ್ತವೂ ಬದಲಾಗಬಹುದು. ಪೂರೈಕೆದಾರ 80,000ದ ಬದಲು 72,000 ಡಾಲರಿನ ಸರಕನ್ನಷ್ಟೇ ಕಳಿಸಿದರೆ ಉಳಿದ 8,000 ಡಾಲರನ್ನು ರದ್ದು ಮಾಡಬೇಕು, ಮೇಲಿನಂತೆಯೇ ಅಂದಿನ ದರದಲ್ಲಿ. ಭಾಗಭಾಗವಾಗಿ ಕಳಿಸುವ ಪೂರೈಕೆದಾರನಾದರೆ ಆರಂಭದಲ್ಲಿ ಖಚಿತವಾದ ಭಾಗವನ್ನಷ್ಟೇ ಬುಕ್ ಮಾಡಿ, ಬಿಲ್ ಆಫ್ ಲೇಡಿಂಗ್ ಕೈಗೆ ಬಂದ ಮೇಲೆ ಉಳಿದದ್ದಕ್ಕೆ ಎರಡನೇ ಕಾಂಟ್ರಾಕ್ಟ್ ಮಾಡುವುದು ಲೇಸು.